ಬಸ್ಸಿನ ಬೆವರಿಗೆ ತಡೆಯುವ ಹೇರ್‌ಕಟ್

"ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಬಸ್ಸು. ಭುಜದವರೆಗೆ ಲೇಯರ್ ಕಟ್, ಮುಂದೆ ಫ್ರಿಂಜ್. ಆಫೀಸ್ ಮುಟ್ಟುವಷ್ಟರಲ್ಲಿ ಹಣೆಗೆಲ್ಲ ಕೂದಲು ಅಂಟಿರುತ್ತೆ. ಏನು ಮಾಡಲಿ?"

ಮೊದಲು ಫ್ರಿಂಜ್ ಬಿಡಿ. ಹಣೆ ಬೆವರುವವರಿಗೆ ಅದು ನಿಲ್ಲುವುದೇ ಇಲ್ಲ. ಅದು ಗಲ್ಲದ ಕೆಳಗೆ ಬರುವವರೆಗೆ ಬೆಳೆಸಿ, ಅಲ್ಲಿವರೆಗೆ ಪಕ್ಕಕ್ಕೆ ಹೊರಳಿಸಿ ಪಿನ್ ಹಾಕಿ.

ಲೇಯರ್ ಇರಲಿ, ಆದರೆ ಉದ್ದ ನೋಡಿ. ಪಾರ್ಲರ್‌ನಲ್ಲಿ ಕತ್ತರಿ ಹಾಕುವ ಮುಂಚೆ ಕೂದಲನ್ನೆಲ್ಲ ನೀವು ಕಟ್ಟುವ ಜಾಗಕ್ಕೆ ಎಳೆದು ಹಿಡಿಯಿರಿ. ಎಲ್ಲಕ್ಕಿಂತ ಗಿಡ್ಡನೆಯ ಎಳೆಯೂ ಆ ಜಾಗ ದಾಟಿ ನಾಲ್ಕು ಬೆರಳಷ್ಟು ಉಳಿಯಬೇಕು. ಅದಕ್ಕಿಂತ ಗಿಡ್ಡ ಮಾಡಿದರೆ ಬಸ್ಸಿನ ಗಾಳಿಗೆ ಜಾರಿ ಕುತ್ತಿಗೆಗೆ ಅಂಟುತ್ತದೆ. ತಿನ್ನಿಂಗ್ ಕತ್ತರಿ ಬೇಡವೆಂದು ಖಂಡಿತ ಹೇಳಿ. ಅದು ಒಳಗೆ ಬಿಡುವ ತುಂಡು ಕೂದಲೇ ಬೆವರಿಗೆ ಎದ್ದು ನಿಲ್ಲೋದು.

ಇನ್ನು ಪ್ರಯಾಣ. ಒದ್ದೆಯಾದ ಕೂದಲು ಒಣಗುವಾಗ ಯಾವ ಆಕಾರದಲ್ಲಿರುತ್ತೋ ಅದನ್ನೇ ಹಿಡಿಯುತ್ತೆ. ಬಿಗಿ ರಬ್ಬರ್‌ಬ್ಯಾಂಡ್ ಹಾಕಿದರೆ ಗೆರೆ ಬೀಳೋದು ಅದಕ್ಕೇ. ಪೂರ್ತಿ ಒಣಗಿದ ಕೂದಲನ್ನು ಸಡಿಲವಾಗಿ ತಿರುಚಿ, ಸೀಟಿಗೆ ತಾಗದಷ್ಟು ಮೇಲೆ ಸುತ್ತಿ ಕ್ಲಚರ್ ಹಾಕಿ. ಕುತ್ತಿಗೆ ಬಯಲಾಗಿದ್ದರೆ ಅಲ್ಲಿನ ಬೆವರು ಕೂದಲಿಗೆ ತಾಗುವುದಿಲ್ಲ.

ಇಳಿದ ಕೂಡಲೇ ಬಿಚ್ಚಬೇಡಿ, ಬಾಚಲೂ ಬೇಡಿ. ಹತ್ತಿ ಕರ್ಚೀಫಿನಿಂದ ಹಣೆಯಂಚು, ಕಿವಿಯ ಹಿಂದೆ ಒತ್ತಿ. ಉಜ್ಜಿದರೆ ಸಣ್ಣ ಕೂದಲು ಏಳುತ್ತೆ. ಫ್ಯಾನ್ ಕೆಳಗೆ ಐದು ನಿಮಿಷ ಕೂತು, ಬೆರಳಿಗೆ ತಂಪು ತಾಗದಿದ್ದಾಗ ಬಿಚ್ಚಿ, ಬೆರಳಲ್ಲೇ ಬಿಡಿಸಿ. ತಿರುಚಿದ ಕೂದಲು ಮೆತ್ತಗೆ ಅಲೆಯಾಗಿ ಬೀಳುತ್ತೆ. ಎಣ್ಣೆ ಹಚ್ಚುವುದಿದ್ದರೆ ಹಿಂದಿನ ರಾತ್ರಿಯೇ ಹಚ್ಚಿ ಬೆಳಗ್ಗೆ ತೊಳೆಯಿರಿ.