ಕೊಡೆಯಂಗಡಿಯ ಅಡಿಬರಹ

“ಕಾಸರಗೋಡಿನ ನಮ್ಮ ಕೊಡೆಯಂಗಡಿಯ ಬೋರ್ಡಿಗೆ ‘ವೀ ಹ್ಯಾವ್ ಗಾಟ್ ಯೂ ಕವರ್ಡ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯಲಿ?”

‘ನಿಮ್ಮನ್ನು ಮುಚ್ಚಿದ್ದೇವೆ’ ಎಂದರೆ ಹೂತುಹಾಕಿದಂತೆ ಕೇಳಿಸುತ್ತದೆ. ತಲೆಗೆ ಮರೆಯಾಗುವುದು, ಕಷ್ಟಕ್ಕೆ ಒದಗುವುದು ಎಂಬ ‘ಕವರ್’ನ ಎರಡೂ ಅರ್ಥಗಳನ್ನು ಹೊರುವ ಪದ ಕನ್ನಡದಲ್ಲಿ ಸುಲಭವಾಗಿ ಸಿಗದ ಕಾರಣ, ಶ್ಲೇಷೆಯನ್ನು ಕೊಡೆಯಿಂದ ಮಳೆಗೆ ಸರಿಸಿ, ತೋಯುವುದನ್ನೂ ಸ್ಮರಿಸುವುದನ್ನೂ ಸೂಚಿಸುವ ‘ನೆನೆ’ಯನ್ನು ಹಿಡಿಯಬಹುದು:

ನೆನೆವ ಮುನ್ನ ನೆನೆಯಿರಿ

‘ನೆನೆಯುವ ಮೊದಲು ನಮ್ಮನ್ನು ನೆನೆಯಿರಿ’ ಎಂದರೂ ಅರ್ಥ ಅದೇ, ಆದರೆ ಓಟ ಕುಂಟುತ್ತದೆ. ‘ನೆನೆವ’, ‘ಮುನ್ನ’ ಎರಡೂ ಮೂರು ಮಾತ್ರೆಯವಾದ್ದರಿಂದ ಸಾಲು ಒಂದೇ ಹೆಜ್ಜೆಯಲ್ಲಿ ಸಾಗುತ್ತದೆ. ‘ನಮ್ಮನ್ನು’ ಎಂಬುದನ್ನು ಬೋರ್ಡಿನಲ್ಲಿರುವ ಅಂಗಡಿಯ ಹೆಸರೇ ಹೇಳುತ್ತದೆ. ನಮ್ಮ ಕಡೆ ಮಾತಿನಲ್ಲಿ ಒದ್ದೆಯಾದದ್ದಕ್ಕೆ ‘ಚಂಡಿಯಾಯಿತು’ ಎನ್ನುವ ರೂಢಿಯೂ ಇರುವುದರಿಂದ ಪಕ್ಕದಲ್ಲಿ ಮಳೆಹನಿಯ ಚಿತ್ರವಿರಲಿ. ಇಲ್ಲವಾದರೆ ಓದುವವರಿಗೆ ಸ್ಮರಣೆಯ ಅರ್ಥವೊಂದೇ ಹೊಳೆದೀತು.