ಮೂರು ಪೇಜಿನ ರೆಸ್ಯೂಮು, ಬಿಟ್ಟುಹೋದ ಒಂದು ಸಾಲು

ಸಂಪಾದಕರಿಗೆ ನಮಸ್ಕಾರ್ರಿ ಸರ್. ಈ ವರ್ಷ ಮೆಕ್ಯಾನಿಕಲ್ ಬಿ.ಇ. ಮುಗಿಸೀನಿ. ನನ್ನ ರೆಸ್ಯೂಮಿನ ಮೂರೂ ಪೇಜಿನ ಫೋಟೊ ತಗದು ಕಳಿಸೀನಿ. ಬೆಳಗಾವಿ, ಕೊಲ್ಹಾಪುರ, ಪುಣೆ ಕಡೆ ಕಂಪನಿಗೋಳಿಗೆ ಇದನ್ನ ಕಳಸಾಕತ್ತೀನಿ, ಯಾರೂ ಕರ್ಯಾಂಗಿಲ್ಲ. ಕಾಲೇಜಿನ್ಯಾಗ ಮೂರು ಪೇಜ್ ಇದ್ರ ತೂಕ ಬರ್ತೈತಿ ಅಂತಾರ, ನಮ್ಮ ಅಕ್ಕ ಒಂದ ಪೇಜ್ ಸಾಕು ಅಂತಾಳ. ಏನ ತಗೀಬೇಕು, ಏನ ಇಡಬೇಕು ಹೇಳ್ರಿ. ಸೂಟಿಯೊಳಗ ಉದ್ಯಮಬಾಗದಾಗ ನಮ್ಮ ಕಾಕಾನ ವರ್ಕ್‌ಶಾಪಿನ್ಯಾಗ ಸಿಎನ್‌ಸಿ ಲೇಥ್ ಮ್ಯಾಲೆ ಕೆಲಸ ಮಾಡಿದ್ದೆ, ಸರ್ಟಿಫಿಕೇಟ್ ಇಲ್ಲ ಅಂತ ಅದನ್ನ ಹಾಕಿಲ್ಲ.
— ಒಬ್ಬ ಓದುಗ, ಜಮಖಂಡಿ

ತಮ್ಮಾ, ನನ್ನ ಮಗನ ವಯಸ್ಸಿನಾಂವ ಅದಿ, ಅದಕ್ಕ ನೀ ಅಂತನ ಮಾತಾಡ್ತೀನಿ. ನಿನ್ನ ಪತ್ರದ ಕಡೀ ಸಾಲು ಓದಿ ನಂಗ ಸಿಟ್ಟೂ ಬಂತು, ಖುಷೀನೂ ಆತು. ಮೂರು ಪೇಜ್ ತಿರುವಿ ಹಾಕಿದ್ರೂ ಸಿಗದಂಥ ಗಟ್ಟಿ ಸಂಗತಿ ಆ ಒಂದ ಸಾಲಿನ್ಯಾಗ ಐತಿ, ಅದನ್ನ ಹೊರಗಿಟ್ಟು ಉಳದದ್ದೆಲ್ಲಾ ಒಳಗ ಹಾಕಿ. ಅದಕ್ಕ ಆಮ್ಯಾಲೆ ಬರ್ತೀನಿ, ಮೊದಲ ಫೋಟೊ ನೋಡೂಣು.

ಮೊದಲನೇ ಪೇಜಿನ ಫೋಟೊನ ಫೋನಿನ್ಯಾಗ ಹೆಬ್ಬೆರಳಿನಷ್ಟ ಸಣ್ಣದು ಮಾಡಿ ನೋಡಿದೆ. ಓದಾಕಲ್ಲ, ಏನ ಕಣ್ಣಿಗೆ ಬೀಳ್ತೈತಿ ಅಂತ ತಿಳ್ಕೊಳ್ಳಾಕ. ದಪ್ಪ ಅಕ್ಷರದಾಗ, ಕೆಳಗ ಗೆರಿ ಎಳದ ‘ಕರಿಕ್ಯುಲಂ ವಿಟೇ’ ಕಾಣಸ್ತು, ಬಲಕ್ಕ ಪಾಸ್‌ಪೋರ್ಟ್ ಫೋಟೊ ಕಾಣಸ್ತು, ನಡುವ ಎಂಟು ಸೆಮಿಸ್ಟರಿನ ಮಾರ್ಕ್ಸಿನ ಕರೀ ಟೇಬಲ್ ಕಾಣಸ್ತು. ನಿನ್ನ ಹೆಸರು ಕಾಣಲಿಲ್ಲ. ಫೋನ್ ನಂಬರಂತೂ ತೆಳು ನೀಲಿ ಬಣ್ಣದಾಗ ಹಾಕಿ, ಫೋಟೊದ ಬೆಳಕಿನ್ಯಾಗ ಅದು ಪೂರಾ ಅಳಿಸಿಹೋಗೈತಿ, ದೊಡ್ಡದು ಮಾಡಿ ನೋಡಿದ್ರೂ ಎರಡು ಅಂಕಿ ಹತ್ತಲಿಲ್ಲ. ಯಾರೂ ಕರ್ಯಾಂಗಿಲ್ಲ ಅಂತಿಯಲ್ಲ, ಕರಿಯೂದು ಹೆಂಗ? ಕಪ್ಪು-ಬಿಳಿ ಪ್ರಿಂಟರಿನ್ಯಾಗ ತಗದ್ರೂ ಇದ ಗತಿ. ಅಕ್ಷರ ಪೂರಾ ಕರೀವ ಇರಲಿ.

ನನ್ನ ಗೆಳೆಯಾ ಒಬ್ಬಾಂವ ಮಚ್ಛೆ ಕಡೆ ಮಷಿನ್ ಶಾಪ್ ಇಟ್ಟಾನ. ರೆಸ್ಯೂಮ್ ಬಂದ್ರ ಚಾ ಕುಡ್ಯೋ ಹೊತ್ತಿನ್ಯಾಗ ವಾಟ್ಸಾಪಿನ್ಯಾಗ ನೋಡ್ತಾನ, ಒಂದು ಕೈಯಾಗ ಕಪ್ಪು, ಇನ್ನೊಂದು ಕೈಯಾಗ ಫೋನು, ಮ್ಯಾಲಿನ ಅರ್ಧ ಪೇಜ್ ನೋಡಿ ಮುಂದ ಹೋಗ್ತಾನ. ಸೊಕ್ಕಿನಿಂದಲ್ಲ, ಆಂವಂಗ ಅಷ್ಟ ಟೈಮ್ ಇರೂದು. ಅಮೆರಿಕಾದಾಗ ದಿ ಲ್ಯಾಡರ್ಸ್ ಅಂತ ಕೆಲಸ ಹುಡುಕಿಕೊಡೋ ಕಂಪನಿ ಐತಿ, ಅವರು 2012ರಾಗ ಕೆಲಸಕ್ಕ ಮಂದಿ ಆರಿಸೋರ ಕಣ್ಣು ರೆಸ್ಯೂಮಿನ ಮ್ಯಾಲೆ ಎಲ್ಲೆಲ್ಲಿ ಓಡ್ತೈತಿ ಅಂತ ಮಷಿನ್ ಹಚ್ಚಿ ನೋಡಿದ್ರು. ಮೊದಲನೇ ನೋಟಕ್ಕ ಸುಮಾರು 6 ಸೆಕೆಂಡು, ಅದ್ರಾಗ ಕಣ್ಣು ಹೋದದ್ದು ಹೆಸರು, ಮಾಡಿದ ಕೆಲಸ, ಎಲ್ಲಿಂದ ಎಲ್ಲಿತನ ಮಾಡಿದ್ದು, ಓದು, ಇಷ್ಟರ ಮ್ಯಾಲೆ. ಆ ಕಂಪನಿಗೂ ನಮ್ಮ ಮಚ್ಛೆ ಗೆಳೆಯಾಗೂ ಇದ್ರಾಗ ಏನೂ ಫರಕ್ ಇಲ್ಲ.

ಇನ್ನ ನಿಮ್ಮ ಕಾಲೇಜಿನವರ ಮಾತು. ಅವರದು ಪೂರಾ ತಪ್ಪಲ್ಲ. ಸರ್ಕಾರಿ ನೌಕರಿ ಅರ್ಜಿಗೆ ತಂದಿ ಹೆಸರು, ಜಾತಿ, ಹುಟ್ಟಿದ ತಾರೀಖು ಎಲ್ಲಾ ಬೇಕಾಗ್ತಾವು, ಕಾಲೇಜಿನ್ಯಾಗ ಪಾಠ ಹೇಳಾಕ ಹೋಗೋರು ತಮ್ಮ ಪೇಪರು, ಸೆಮಿನಾರು ಅಂತ ಮೂರ್ನಾಕು ಪೇಜ್ ಕೊಡೂದೂ ಖರೆ. ಆದ್ರ ನೀ ಹೊಂಟಿದ್ದು ಪ್ರೊಡಕ್ಷನ್ ಮತ್ತ ಡಿಸೈನ್ ಕೆಲಸಕ್ಕ. ಅಲ್ಲೆ ನಿಮ್ಮ ಅಕ್ಕನ ಮಾತ ಬರೋಬ್ಬರಿ, ಆಕೀಗೆ ನನ್ನ ನಮಸ್ಕಾರ ಹೇಳು.

ಈಗ ಕತ್ರಿ ತಗೊ. ಮೊದಲ ಕೆಲಸ, ಎರಡನೇ ಪೇಜಿನ್ಯಾಗ ಆಧಾರ್ ನಂಬರ್ ಪೂರಾ ಬರದಿ, ಅದನ್ನ ಈಗಿಂದೀಗ ತಗಿ. ಆ ಪೇಜನ್ನ ಎಷ್ಟು ಮಂದಿ ಯಾರಿಗೆ ಫಾರ್ವರ್ಡ್ ಮಾಡ್ತಾರೋ ಯಾವಂಗ ಗೊತ್ತು, ನಮ್ಮ ಆಫೀಸಿನ್ಯಾಗ ಉಳದವರಿಗೆ ತೋರಸೋ ಮುಂಚೆ ನಾನ ಅದನ್ನ ಮುಚ್ಚೀನಿ. ಆಧಾರು, ಪ್ಯಾನು ಕೇಳೂದು ಕೆಲಸ ಸಿಕ್ಕು ಜಾಯಿನ್ ಆಗೂವಾಗ. ತಂದಿ ಹೆಸರು, ಧರ್ಮ, ಜಾತಿ, ಲಗ್ನ ಆಗೇತೋ ಇಲ್ಲೋ ಅನ್ನೂದು, ಇವೆಲ್ಲಾ ಕನ್ಯಾ ನೋಡಾಕ ಕಳಸೋ ಕಾಗದದಾಗ ಇರಲಿ. ಪರ್ಮನೆಂಟ್ ಅಡ್ರೆಸ್, ಪ್ರೆಸೆಂಟ್ ಅಡ್ರೆಸ್ ಎರಡೂ ಮನಿ ನಂಬರ್ ಸಮೇತ ಬ್ಯಾಡ, ಜಮಖಂಡಿ ಅಂದ್ರ ಸಾಕು. ‘ಈ ಮೇಲಿನ ಮಾಹಿತಿಯೆಲ್ಲ ನಿಜ’ ಅಂತ ಕಡೀಕ ಬರದು ಸ್ಥಳ, ತಾರೀಖು, ಸಹಿ ಹಾಕಿದ್ದೂ ಬ್ಯಾಡ, ಅದನ್ನ ಅವರ ಫಾರಂ ಮ್ಯಾಲೆ ಬರೆಸ್ಕೊತಾರ. ಆಬ್ಜೆಕ್ಟಿವ್ ಅಂತ ಮ್ಯಾಲೆ ಹಾಕಿದ ನಾಕು ಸಾಲು ಊರ ಮಂದಿ ರೆಸ್ಯೂಮಿನ್ಯಾಗೆಲ್ಲಾ ಇರ್ತಾವು, ಅದರ ಜಾಗಾದಾಗ ಒಂದ ಸಾಲು, ಮೆಕ್ಯಾನಿಕಲ್ ಪದವೀಧರ, ಸಿಎನ್‌ಸಿ ಟರ್ನಿಂಗ್ ಮತ್ತ ಡ್ರಾಯಿಂಗ್ ಕೆಲಸ ಗೊತ್ತು, ಅಷ್ಟ.

ಮಾರ್ಕ್ಸಿನ ಬಗ್ಗೆ ಒಂದು ಎಚ್ಚರಿಕಿ. ಎಂಟು ಸೆಮಿಸ್ಟರಿನ ಟೇಬಲ್ ತಗಿ, ಆದ್ರ ಒಟ್ಟು ಸಿಜಿಪಿಎ ಜೋಡಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರ್ಸೆಂಟೇಜ್ ತಗೀಬ್ಯಾಡ. ಹತ್ತನೇತ್ತಿಯಿಂದ ಡಿಗ್ರಿತನ ಎಲ್ಲಾ ಕಡೆ 60 ಪರ್ಸೆಂಟ್ ಇರಬೇಕು ಅನ್ನೋ ಕಂಪನಿಗೋಳು ಭಾಳ ಅದಾವು, ಅಲ್ಲೆ ಜಾಗಾ ಖಾಲಿ ಕಂಡ್ರ ಕಡಿಮಿ ಐತಿ ಅಂತನ ತಿಳ್ಕೊತಾರ. ಮೂರಕ್ಕ ಮೂರು ಸಾಲು ಸಾಕು, ಮೊದಲನೇ ಕೆಲಸ ಸಿಕ್ಕ ಮ್ಯಾಲೆ ಎಸ್ಸೆಸ್ಸೆಲ್ಸಿದು ತಾನ ಹೋಗ್ತೈತಿ.

ಎಡಕ್ಕ ಬಣ್ಣದ ಪಟ್ಟಿ ಮಾಡಿ ಎರಡು ಕಾಲಂ ಹಾಕಿಯಲ್ಲ, ಅದ್ರಾಗ ಆಟೋಕ್ಯಾಡ್ 80, ಸಾಲಿಡ್‌ವರ್ಕ್ಸ್ 70 ಅಂತ ಗೆರಿ ತುಂಬಿಸಿಯಲ್ಲ, ನೋಡಾಕ ಚಂದ ಐತಿ ನಿಜ, ಆದ್ರ 80 ಅಂದ್ರ ಯಾವುದರಾಗ 80? ಅದಕ್ಕಿಂತ ಸಾಲಿಡ್‌ವರ್ಕ್ಸಿನ್ಯಾಗ ಏನ ಡ್ರಾ ಮಾಡಿ ಅಂತ ಬರಿ. ದೊಡ್ಡ ಕಂಪನಿಗೋಳು ರೆಸ್ಯೂಮನ್ನ ಮೊದಲ ಸಾಫ್ಟ್‌ವೇರಿಗೆ ಓದಸ್ತಾವು, ಎರಡು ಕಾಲಂ ಇದ್ರ ಕೆಲವೊಂದು ಸಾಫ್ಟ್‌ವೇರು ಎಡದ ಸಾಲಿಗೆ ಬಲದ ಸಾಲು ಹಚ್ಚಿ ಓದಿ ಎಲ್ಲಾ ಕಲಸಿಬಿಡ್ತಾವು. ಪರೀಕ್ಷೆ ಮಾಡೂದು ಹಗರ, ಪಿಡಿಎಫ್ ತಗದು ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಹೊಡದು ನೋಟ್‌ಪ್ಯಾಡಿನ್ಯಾಗ ಪೇಸ್ಟ್ ಮಾಡು. ಸಾಲು ಸಾಲಾಗಿ ಓದಾಕ ಬಂದ್ರ ಬರೋಬ್ಬರಿ, ಕಲಸಿಹೋಗಿದ್ರ ಒಂದ ಕಾಲಮಿಗೆ ತಾ. ಅಕ್ಷರಾನ ಸೆಲೆಕ್ಟ್ ಆಗವಲ್ದು ಅಂದ್ರ ಅದು ಬರೇ ಚಿತ್ರ, ನೀ ನಂಗ ಕಳಿಸಿದ ಫೋಟೊದಂಗ. ಫೋಟೊ ನಂಗ ನಡೀತೈತಿ, ಕಂಪನಿಗೆ ಪಿಡಿಎಫ್ ಕಳಸು. ಮತ್ತ ಒಂದು ಪೇಜ್ ಮಾಡು ಅಂದ್ರ ಮೂರು ಪೇಜಿನ ಸರಕನ್ನ 8 ಸೈಜಿನ ಅಕ್ಷರದಾಗ ತುರುಕಬ್ಯಾಡ, ಅಕ್ಷರ 10 ಇಲ್ಲಾ 11 ಇರಲಿ, ಸುತ್ತಲೂ ಒಂದೂವರಿ-ಎರಡು ಸೆಂಟಿಮೀಟರ್ ಖಾಲಿ ಇರಲಿ.

ಈಗ ಕಾಕಾನ ವರ್ಕ್‌ಶಾಪಿಗೆ ಬರೂಣು. ಇದು ಹೆಸರಿನ ಕೆಳಗ, ಎಲ್ಲಾದಕ್ಕಿಂತ ಮೊದಲ ಬರಬೇಕು. ಸರ್ಟಿಫಿಕೇಟ್ ಇಲ್ಲದಿದ್ರೇನಾತು, ಕೆಲಸ ಮಾಡಿ ಇಲ್ಲೋ? ವರ್ಕ್‌ಶಾಪಿನ ಹೆಸರು, ಉದ್ಯಮಬಾಗ, ಯಾವ ತಿಂಗಳಿಂದ ಯಾವ ತಿಂಗಳ ತನಕ, ಯಾವ ಮಷಿನ್, ಅದರ ಕಂಟ್ರೋಲ್ ಯಾವುದು, ಯಾವ ಜಾಬ್ ಮಾಡಿ, ಏನರಾಗ ಅಳದಿ, ವರ್ನಿಯರೋ ಮೈಕ್ರೋಮೀಟರೋ, ಡ್ರಾಯಿಂಗಿನ್ಯಾಗ ಟಾಲರೆನ್ಸ್ ಎಷ್ಟಿತ್ತು. ಇಷ್ಟು ಮೂರು ಸಾಲಿನ್ಯಾಗ ಬರ್ತೈತಿ. ಕಾಕಾನ ವರ್ಕ್‌ಶಾಪ್ ಅಂತ ಸಂಕೋಚ ಬ್ಯಾಡ, ಇಂಟರ್‌ವ್ಯೂದಾಗ ಕೇಳಿದ್ರ ನಮ್ಮ ಕಾಕಾರದು ಅಂತ ಖರೇನ ಹೇಳು.

ಆದ್ರ ಮಾಡಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚಿಗಿ ಬರೀಬ್ಯಾಡ. ಜಾಬ್ ಹಚ್ಚಿ, ಇಳಿಸಿ, ಅಳತಿ ನೋಡಿ ಆಫ್‌ಸೆಟ್ ತಿದ್ದಿದಾಂವ ‘ಸಿಎನ್‌ಸಿ ಪ್ರೋಗ್ರಾಮರ್’ ಅಂತ ಬರದ್ರ ಎರಡ ಪ್ರಶ್ನೆದಾಗ ಸಿಗಬೀಳ್ತಾನ. ಮಚ್ಛೆ ಗೆಳೆಯಾ ಕೇಳೋ ಮೊದಲನೇ ಪ್ರಶ್ನೆನ ಹೇಳಿಬಿಡ್ತೀನಿ: ಫಾನುಕ್ ಕಂಟ್ರೋಲಿನ ಲೇಥ್ ಮ್ಯಾಲೆ ಜಾಬಿನ ಹೊರಗಿನ ವ್ಯಾಸ 0.04 ಮಿ.ಮೀ. ಹೆಚ್ಚಿಗಿ ಬಂತು, ಏನ ಮಾಡ್ತಿ? ಮಷಿನ್ ಮುಂದ ನಿಂತಾಂವ ಥಟ್ಟನ ಹೇಳ್ತಾನ, ಆ ಟೂಲಿನ ವೇರ್ ಆಫ್‌ಸೆಟ್‌ನಾಗ X ಗೆ 0.04 ಕಡಿಮಿ ಮಾಡ್ತೀನ್ರಿ ಅಂತ. ನಿಲ್ಲದಾಂವ ಅದರ ಅರ್ಧ, 0.02 ಅಂತಾನ, ಯಾಕಂದ್ರ ಪುಸ್ತಕದಾಗ ತ್ರಿಜ್ಯ ಓದಿರ್ತಾನ, ಅಲ್ಲೆ X ಅನ್ನೂದು ವ್ಯಾಸದ ಲೆಕ್ಕದಾಗ ನಡೀತೈತಿ ಅನ್ನೂದು ಅವಂಗ ಗೊತ್ತಿರಂಗಿಲ್ಲ. ನಿಂಗ ಗೊತ್ತಿರಬೇಕು. ಆಫ್‌ಸೆಟ್ ಮಾತ್ರ ತಿದ್ದಿದ್ರ ಅದನ್ನ ಬರಿ, ಪ್ರೋಗ್ರಾಮ್ ನೀನ ಬರದಿದ್ರ, G71 ಹಾಕಿ ರಫಿಂಗ್ ಮಾಡಿದ್ರ, ಅದನ್ನೂ ಬರಿ.

ಅದರ ಕೆಳಗ ನಿನ್ನ ಪ್ರಾಜೆಕ್ಟು. ಕಬ್ಬಿನ ಕಣ್ಣು ಕತ್ತರಸೋ ಪೆಡಲ್ ಯಂತ್ರ ಮಾಡೀರಿ, ಜಮಖಂಡಿ ಹುಡುಗಗ ಇದಕ್ಕಿಂತ ಚಲೋ ಪ್ರಾಜೆಕ್ಟ್ ಯಾವುದು? ಅದನ್ನ ಮೂರನೇ ಪೇಜಿನ್ಯಾಗ ಹಾಬೀಸ್ ಕೆಳಗ ಒಗದಿ. ನೀ ಬರದದ್ದು ಕಬ್ಬು ಬೆಳೆಯ ಮಹತ್ವದ ಮ್ಯಾಲೆ ಆರು ಸಾಲು, ರಿಪೋರ್ಟಿನ ಪೀಠಿಕೆಯಿಂದ ಎತ್ತಿದ್ದು. ಅದರ ಕಡೀಕ ಒಂದು ಕಂಸದಾಗ ‘ಬ್ಲೇಡ್ ಬದಲಿಸಿದ ನಂತರ ಕಣ್ಣು ಒಡೆಯುವುದು ಕಡಿಮೆಯಾಯಿತು’ ಅಂತೈತಿ. ಅಯ್ಯ ಮಾರಾಯಾ, ಅದ ನಿನ್ನ ಇಂಜಿನಿಯರಿಂಗು! ನಾಕು ಮಂದಿ ಟೀಮಿನ್ಯಾಗ ನೀ ಏನ ಮಾಡಿ, ಮೊದಲಿನ ಬ್ಲೇಡ್ ಹೆಂಗಿತ್ತು, ಏನ ಬದಲಿಸಿದ್ರಿ, 100 ಕಣ್ಣಿನ್ಯಾಗ ಮೊದಲ ಎಷ್ಟು ಒಡೀತಿದ್ದವು, ಆಮ್ಯಾಲೆ ಎಷ್ಟು, ಅಂತ ಎರಡು ಸಾಲು ಹಾಕು. ಲೆಕ್ಕ ಇಟ್ಟಿಲ್ಲಂದ್ರ ಯಂತ್ರ ಕಾಲೇಜಿನ್ಯಾಗ ಇನ್ನೂ ಇರ್ತೈತಿ, ಹೋಗಿ 100 ಕಣ್ಣು ಕತ್ತರಿಸಿ ಎಣಿಸ್ಕೊಂಡ ಬಾ, ಒಂದು ಮಧ್ಯಾಹ್ನದ ಕೆಲಸ.

ಭಾಷೆ ಒಂದು ಸಾಲು ಇರಲಿ, ಕೊಲ್ಹಾಪುರ, ಪುಣೆ ಕಡೆ ಹೋಗಾಂವ ಮರಾಠಿ ಬರ್ತೈತಿ ಅಂತ ಹಾಕಲೇಬೇಕು. ಹಾಬೀಸ್ ತಗಿ. ಫೈಲಿನ ಹೆಸರು ‘ನ್ಯೂ ಫೈನಲ್ 2’ ಅಂತ ಇಟ್ಟಿದ್ರ ಬದಲಿಸಿ ನಿನ್ನ ಹೆಸರು, ಮೆಕ್ಯಾನಿಕಲ್ ಅಂತ ಇಡು. ಇಷ್ಟಾದ್ರ ಒಂದು ಪೇಜಿನ್ಯಾಗ ಜಾಗಾ ಇನ್ನೂ ಉಳೀತೈತಿ ನೋಡು.

ನಂಗ ಸಿಟ್ಟು ಬಂದದ್ದು ನಿನ್ನ ಮ್ಯಾಲಲ್ಲ ತಮ್ಮಾ. ಕೂಡಲಸಂಗಮ ನಿಮ್ಮ ಬಾಗಲಕೋಟಿ ಜಿಲ್ಲೆದಾಗನ ಐತಿ. 12ನೇ ಶತಮಾನದ ಶರಣರ ಹೆಸರು ನೋಡು, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಮೊದಲ ಮಾಡೋ ಕಾಯಕ, ಆಮ್ಯಾಲೆ ಹೆಸರು. ಅದ ಮಣ್ಣಿನ್ಯಾಗ ಹುಟ್ಟಿದ ನಮ್ಮ ಹುಡುಗ್ರು ಮೊದಲ ತಂದಿ ಹೆಸರು, ಜಾತಿ ಬರದು ಕೈಯಾರೆ ಮಾಡಿದ ಕೆಲಸ ಮುಚ್ಚಿಡ್ತಾರ. ಇವರಿಗೆ ಇದನ್ನ ಕಲಿಸಿದವರು ಯಾರು? ರೊಕ್ಕ ಕೊಟ್ರ ರೆಡಿಮೇಡ್ ಪ್ರಾಜೆಕ್ಟ್ ಸಿಗ್ತಾವು, ರೊಕ್ಕ ಕೊಟ್ರ ಹೋಗದ ಇಂಟರ್ನ್‌ಶಿಪ್ಪಿಗೂ ಸರ್ಟಿಫಿಕೇಟ್ ಸಿಗ್ತೈತಿ, ಅದನ್ನ ಫೈಲಿನ್ಯಾಗ ಇಟ್ಟರ ಮಾರ್ಕ್ಸೂ ಬೀಳ್ತಾವು. ಸೂಟಿಯೊಳಗ ಕೂಲಂಟಿನ ವಾಸನಿ ಹಿಡಿದು ಚಿಪ್ಸ್ ಬಳದ ಹುಡುಗ ಮಾತ್ರ ತನ್ನ ಕಡೆ ಕಾಗದ ಇಲ್ಲ ಅಂತ ತಲಿ ತಗ್ಗಿಸ್ಕೊಂಡ ಕುಂಡರ್ತಾನ. ಇದನ್ನ ನೋಡಿ ನಂಗ ಸಂಕಟ ಆಗ್ತೈತಿ.

ಅದಕ್ಕ ಉದ್ಯಮಬಾಗ, ಮಚ್ಛೆ ಕಡೆ ಇದನ್ನ ಓದಾಕತ್ತಿರೋ ವರ್ಕ್‌ಶಾಪ್ ಮಾಲಕರಿಗೂ ಒಂದು ಮಾತು. ಸೂಟಿಗೆ ಬಂದು ದುಡಿದ ಹುಡುಗರಿಗೆ ಪಗಾರದ ಜೋಡಿ ನಿಮ್ಮ ಲೆಟರ್‌ಹೆಡ್ಡಿನ ಮ್ಯಾಲೆ ನಾಕು ಸಾಲು ಬರದು ಕೊಡ್ರಿ: ಯಾವ ತಾರೀಖಿನಿಂದ ಯಾವ ತಾರೀಖಿನತನ, ಯಾವ ಮಷಿನ್ ಮ್ಯಾಲೆ, ಏನ ಕೆಲಸ, ಕೇಳೂದಿದ್ರ ಯಾರಿಗೆ ಫೋನ್ ಮಾಡಬೇಕು. ತಮ್ಮಾ, ನೀನೂ ಈ ರವಿವಾರ ಹೋಗಿ ಕಾಕಾನ ಕಡಿಂದ ಅದನ್ನ ಬರೆಸ್ಕೊಂಡ ಬಾ, ಅವರ ಫೋನ್ ನಂಬರ್ ಕೊಡಬೇಕಂದ್ರ ಮೊದಲ ಅವರನ್ನ ಕೇಳು, ಆಮ್ಯಾಲೆ ಹೊಸಾ ಪೇಜಿನ ಪಿಡಿಎಫ್ ನಂಗ ಕಳಸು. ಮಚ್ಛೆ ಗೆಳೆಯಾಗ ನಾನ ತೋರಸ್ತೀನಿ.

— ಸಂಪಾದಕ