ಟೆಸ್ಟೋಸ್ಟೆರಾನ್ 270 ಬಂತು, ಇಂಜೆಕ್ಷನ್ ಬೇಕಾ?

"ನನಗೆ 45 ವರ್ಷ. ಹೊಟ್ಟೆ ಬಂದಿದೆ, ತೋಳು ತೊಡೆ ಸೊರಗಿವೆ. ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ 270 ಅಂತ ಬಂತು. ಇಂಜೆಕ್ಷನ್ ಶುರು ಮಾಡಲಾ?"

ಈಗಲೇ ಬೇಡ. ಮೊದಲು ಆ 270 ಎಷ್ಟು ನಂಬಬಹುದಾದ ಸಂಖ್ಯೆ ಅಂತ ನೋಡಿ.

ಎರಡು ವರ್ಷದ ಹಿಂದೆ, 46ನೇ ವಯಸ್ಸಿನಲ್ಲಿ, ನನ್ನದೂ ಇದೇ ಕಥೆ. ತೂಕ 92 ಕೆಜಿ, ಹೊಟ್ಟೆಯ ಸುತ್ತಳತೆ 106 ಸೆಂಟಿಮೀಟರ್, ಎರಡು ಮಹಡಿ ಹತ್ತಿದರೆ ತೊಡೆ ನಡುಗುತ್ತಿತ್ತು. ಊಟ ಆದ ಮೇಲೆ, ಸಂಜೆ 4 ಗಂಟೆಗೆ ರಕ್ತ ಕೊಟ್ಟೆ. 262 ಬಂತು. ಒಬ್ಬ ಡಾಕ್ಟರು ಆ ಒಂದೇ ರಿಪೋರ್ಟ್ ನೋಡಿ ಇಂಜೆಕ್ಷನ್ ಬರೆದುಕೊಟ್ಟರು. ನನಗೆ ಯಾಕೋ ಸಮಾಧಾನವಾಗಲಿಲ್ಲ, ಹಾರ್ಮೋನ್ ತಜ್ಞರ ಹತ್ತಿರ ಹೋದೆ.

ಅವರು ಮೊದಲು ಕೇಳಿದ್ದೇ ರಕ್ತ ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ, ಊಟ ಮಾಡಿದ ಮೇಲೂ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕು. ಜ್ವರ ಇದ್ದಾಗ, ನಿದ್ದೆಗೆಟ್ಟ ಮಾರನೇ ದಿನ ಕೊಡಬಾರದು. ಹಾಗೆ ಮಾಡಿದಾಗ ನನಗೆ 318 ಮತ್ತು 309 ಬಂತು. 300ರ ಆಸುಪಾಸು ಅನ್ನೋದು ಅನೇಕ ಡಾಕ್ಟರು ಬಳಸುವ ಗಡಿ, ಅಂದರೆ ನಾನು ಗಡಿಯ ಮೇಲೇ ನಿಂತಿದ್ದೆ.

ಇಲ್ಲಿ ಇನ್ನೊಂದು ವಿಷಯ ಇದೆ, ಹೊಟ್ಟೆ ಇರುವವರು ಇದನ್ನು ತಿಳಿದಿರಲೇಬೇಕು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿನ ಪಾಲು ಪ್ರೋಟೀನ್‌ಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ಅದರಲ್ಲಿ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಹೆಸರು ಎಸ್‌ಎಚ್‌ಬಿಜಿ. ಇದನ್ನು ತಯಾರಿಸೋದು ಲಿವರ್. ಹೊಟ್ಟೆಯೊಳಗೆ ಕೊಬ್ಬು ಸೇರಿ ಇನ್ಸುಲಿನ್ ಏರಿದಾಗ ಲಿವರ್ ಇದನ್ನು ಕಡಿಮೆ ತಯಾರಿಸುತ್ತದೆ. ಆಗ ಒಟ್ಟು ಟೆಸ್ಟೋಸ್ಟೆರಾನ್ ಸಂಖ್ಯೆ ಕಡಿಮೆ ಕಾಣುತ್ತದೆ, ಆದರೆ ಯಾವುದಕ್ಕೂ ಅಂಟದೆ ಕೆಲಸಕ್ಕೆ ಸಿಗುವ ಪಾಲು ಸರಿಯಾಗಿಯೇ ಇರಬಹುದು. ನನ್ನ ಎಸ್‌ಎಚ್‌ಬಿಜಿ 16 ಇತ್ತು, ಅದು ಕಡಿಮೆ. ಅದನ್ನು ಹಿಡಿದು ಲೆಕ್ಕ ಹಾಕಿದಾಗ ಆ ಬಿಡಿ ಪಾಲು ಮಾಮೂಲಿ ಮಟ್ಟದಲ್ಲೇ ಇತ್ತು. ನೀವೂ ಎಸ್‌ಎಚ್‌ಬಿಜಿ ಪರೀಕ್ಷೆ ಬರೆಸಿಕೊಳ್ಳಿ, ಜೊತೆಗೆ ಟೆಸ್ಟೋಸ್ಟೆರಾನ್ ತಯಾರಿಸು ಅಂತ ವೃಷಣಕ್ಕೆ ಹೇಳುವ ಹಾರ್ಮೋನ್ ಎಲ್‌ಎಚ್ ಕೂಡ.

ಹಾಗಂತ ಹೊಟ್ಟೆ ಬರೀ ಸಂಖ್ಯೆಯನ್ನಷ್ಟೇ ಕೆಡಿಸುತ್ತದೆ ಅಂತಲ್ಲ. ಕೊಬ್ಬು ಇನ್ನೂ ಜಾಸ್ತಿಯಾದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಎಲ್‌ಎಚ್ ಸಂದೇಶವೇ ಕ್ಷೀಣಿಸುತ್ತದೆ, ಆಗ ಬಿಡಿ ಪಾಲೂ ನಿಜವಾಗಿ ಇಳಿಯುತ್ತದೆ. ಟೆಸ್ಟೋಸ್ಟೆರಾನ್ ಇಳಿದರೆ ಸ್ನಾಯು ಕಟ್ಟೋದು ನಿಧಾನ, ಕೊಬ್ಬು ಕೂರೋದು ಸುಲಭ. ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ. ಈ ಸುತ್ತನ್ನು ಎಲ್ಲಿ ಕಡಿಯಬೇಕು? ಹೊಟ್ಟೆಯ ಕಡೆಯಿಂದ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ಮೂರು ತಿಂಗಳು ಊಟ ಕಡಿಮೆ ಮಾಡಿ ಸುಮ್ನೆ ನಡೆದೆ. 5 ಕೆಜಿ ಇಳಿಯಿತು, ಖುಷಿಯಾಯಿತು. ಆದರೆ ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು ಅಂತ ಎಣಿಸಿದರೆ, ಮೊದಲು 14 ಇದ್ದದ್ದು 12 ಆಗಿತ್ತು. ಕೊಬ್ಬಿನ ಜೊತೆ ಸ್ನಾಯುವೂ ಹೋಗಿತ್ತು ಅಂತ ಆಗ ಗೊತ್ತಾಯಿತು. ಆಮೇಲೆ ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ ಶುರು ಮಾಡಿದೆ. ಕುಳಿತೇಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಎತ್ತುವುದು, ಅಷ್ಟೇ. 10 ಸಲ ಎತ್ತುವ ಹೊತ್ತಿಗೆ ಇನ್ನೆರಡು ಮಾತ್ರ ಸಾಧ್ಯ ಅನ್ನಿಸುವಷ್ಟು ಭಾರ, ಅದು ಹಗುರ ಅನ್ನಿಸಿದಾಗ ಸ್ವಲ್ಪ ಜಾಸ್ತಿ. ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ತಿಂದೆ (ಕಿಡ್ನಿ ತೊಂದರೆ ಇದ್ದರೆ ಇದನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ). ಜೋರಾಗಿ ಗೊರಕೆ ಹೊಡೆದು, ಬೆಳಿಗ್ಗೆ ಸುಸ್ತಾಗಿ ಏಳುತ್ತೀರಾದರೆ ಉಸಿರು ನಿಲ್ಲುವ ತೊಂದರೆ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ.

11 ತಿಂಗಳಿಗೆ ತೂಕ 82, ಸುತ್ತಳತೆ 94, ಕುರ್ಚಿಯಿಂದ ಎದ್ದದ್ದು 19 ಸಲ. ಬೆಳಗಿನ ಟೆಸ್ಟೋಸ್ಟೆರಾನ್ 405. ಎಲ್ಲರಿಗೂ ಇಷ್ಟು ಏರುವುದಿಲ್ಲ. ತೂಕ ಎಷ್ಟು ಇಳಿಯಿತು ಅನ್ನೋದರ ಮೇಲೆ ನಿಂತಿದೆ, ನಾಲ್ಕೈದು ಕೆಜಿಗೆ ಸಂಖ್ಯೆ ಅಷ್ಟಾಗಿ ಅಲ್ಲಾಡದೇ ಇರಬಹುದು.

ಇಂಜೆಕ್ಷನ್ ನಿಜವಾಗಿಯೂ ಬೇಕಾದವರೂ ಇದ್ದಾರೆ. ಎರಡೂ ಬೆಳಗಿನ ರಿಪೋರ್ಟ್ ಸ್ಪಷ್ಟವಾಗಿ ಕಡಿಮೆ ಇದ್ದು, ಬೆಳಗಿನ ನಿಮಿರುವಿಕೆ ನಿಂತು, ಆಸೆಯೂ ಹೋಗಿದ್ದರೆ ಅದು ಬೇರೆ ವಿಷಯ. ಎಲ್‌ಎಚ್ ಜಾಸ್ತಿ ಇದ್ದರೆ ತೊಂದರೆ ವೃಷಣದಲ್ಲಿ. ಟೆಸ್ಟೋಸ್ಟೆರಾನ್ ತೀರಾ ಕಡಿಮೆ ಇದ್ದೂ ಎಲ್‌ಎಚ್ ಏರದಿದ್ದರೆ, ಅದರಲ್ಲೂ ತಲೆನೋವು ಅಥವಾ ಪಕ್ಕದ ದೃಷ್ಟಿ ಮಂಜಾಗುವುದು ಇದ್ದರೆ, ಪಿಟ್ಯುಟರಿಯನ್ನೇ ನೋಡಬೇಕು, ಅದನ್ನು ಮುಂದೂಡಬೇಡಿ.

ಇನ್ನು ಮಕ್ಕಳು ಬೇಕು ಅಂತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಎಲ್‌ಎಚ್ ಅಡಗಿ, ವೀರ್ಯಾಣು ಪೂರ್ತಿ ನಿಲ್ಲಬಹುದು. ಬಿಟ್ಟ ಮೇಲೂ ಮರಳಲು ಎಷ್ಟೋ ತಿಂಗಳು ಹಿಡಿಯುತ್ತದೆ. ನನಗೆ ಆವತ್ತು ಇಂಜೆಕ್ಷನ್ ಬರೆದವರು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.